ಕಣ್ಣು ಎಐಯದು, ಚರ್ಮ ಅಜ್ಜಿಯದೇ: ಫ್ರೀಕ್ವೆನ್ಸಿ ಸೆಪರೇಷನ್‌ನಿಂದ ಟೆಕ್ಸ್ಚರ್ ಉಳಿಸುವ ಬಗೆ

ಮದುವೆ ಮನೆಯಲ್ಲಿ ತೆಗೆದ ಮೂವರ ಫೋಟೊ ಒಂದಿದೆ ಎಂದುಕೊಳ್ಳಿ. 6000×4000 ಪಿಕ್ಸೆಲ್, ಐಎಸ್‌ಒ 1600. ನಡುವೆ ಕೂತ ಅಜ್ಜಿಯ ಮುಖ ಸುಮಾರು 900 ಪಿಕ್ಸೆಲ್ ಅಗಲ ಇದೆ. ಎಲ್ಲರೂ ಚೆನ್ನಾಗಿ ಬಂದಿದ್ದಾರೆ, ಅಜ್ಜಿಯ ಕಣ್ಣು ಮಾತ್ರ ಮುಚ್ಚಿದೆ. ಅದೇ ಹೊತ್ತಿನಲ್ಲಿ ತೆಗೆದ ಇನ್ನೊಂದು ಫ್ರೇಮ್‌ನಲ್ಲಿ ಕಣ್ಣು ತೆರೆದಿದ್ದರೆ ಅದನ್ನೇ ತಂದು ಕೂರಿಸಿ, ಎಐ ಬೇಡ. ಅಂಥ ಫ್ರೇಮ್ ಇಲ್ಲದಿದ್ದಾಗ, ಮನೆಯವರ ಒಪ್ಪಿಗೆ ಪಡೆದು, ಫೋಟೊದ ಒಂದು ಭಾಗವನ್ನಷ್ಟೇ ಎಐಯಿಂದ ಹೊಸದಾಗಿ ಬರೆಸುವ ಇನ್‌ಪೇಂಟಿಂಗ್‌ನಲ್ಲಿ ಕಣ್ಣು ತೆರೆಸುವುದು ಈಗ ಸುಲಭ. (ಗುರುತಿನ ಚೀಟಿ, ಸುದ್ದಿ, ಪುರಾವೆಗೆ ಹೋಗುವ ಫೋಟೊಗಳಿಗೆ ಮಾತ್ರ ಈ ಕೆಲಸ ಮಾಡಲೇಬಾರದು.)

ಕಣ್ಣೇನೋ ತೆರೆಯುತ್ತದೆ. ಆದರೆ ಫೋಟೊವನ್ನು 100%ಗೆ ಹಿಗ್ಗಿಸಿ ನೋಡಿದರೆ ಅಜ್ಜಿಯ ಕೆನ್ನೆ ಮೇಣ ಹಚ್ಚಿದಂತೆ ನುಣುಪಾಗಿರುತ್ತದೆ. ಪಕ್ಕದಲ್ಲಿರುವ ಮಗಳ ಮುಖದಲ್ಲಿ ಚರ್ಮದ ರಂಧ್ರ, ಸಣ್ಣ ರೋಮ, ಕ್ಯಾಮೆರಾದ ಗ್ರೇನ್ ಎಲ್ಲವೂ ಇರುವುದರಿಂದ ಅಜ್ಜಿಯೊಬ್ಬರೇ ಬೇರೆ ಫೋಟೊದಿಂದ ಬಂದವರಂತೆ ಕಾಣುತ್ತಾರೆ. ವಯಸ್ಸಾದವರ ಮುಖದಲ್ಲಿ ಈ ತೊಂದರೆ ಇನ್ನೂ ಹೆಚ್ಚು, ಏಕೆಂದರೆ ಅಲ್ಲಿ ಕಳೆದುಹೋಗುವ ಸಣ್ಣ ನಿರಿಗೆಗಳೇ ಅವರ ಗುರುತು.

ಹೀಗಾಗಲು ಕಾರಣ ಸರಳ. ಎಐ ಮಾಡೆಲ್ ನಿಮ್ಮ ಫೋಟೊದ ಅಳತೆಯಲ್ಲಿ ಕೆಲಸ ಮಾಡುವುದಿಲ್ಲ. ಮುಖದ ಸುತ್ತ 1200 ಪಿಕ್ಸೆಲ್ಲಿನ ಚೌಕವನ್ನು ಕತ್ತರಿಸಿ 512ಕ್ಕೆ ಇಳಿಸಿ, ಅಲ್ಲಿ ಚಿತ್ರ ಬರೆದು, ಮತ್ತೆ 1200ಕ್ಕೆ ಹಿಗ್ಗಿಸಿ ಅಂಟಿಸುತ್ತದೆ. ಸ್ಟೇಬಲ್ ಡಿಫ್ಯೂಷನ್‌ನಂಥ ಮಾಡೆಲ್‌ಗಳಲ್ಲಿ ಅದರೊಳಗೂ ಚಿತ್ರ ಉದ್ದಗಲಗಳಲ್ಲಿ ಎಂಟನೇ ಒಂದು ಪಾಲಿಗೆ ಕುಗ್ಗಿದ ರೂಪದಲ್ಲಿರುತ್ತದೆ. ನಿಮ್ಮ ಫೋಟೊದಲ್ಲಿ ಎರಡು ಪಿಕ್ಸೆಲ್ ಅಗಲದ ಒಂದು ರಂಧ್ರ ಈ ಹಾದಿಯಲ್ಲಿ ಉಳಿಯುವುದಿಲ್ಲ. ಫೇಸ್ ಸ್ವಾಪ್ ಸಾಧನಗಳಲ್ಲಿ ಕೆಲವು ಮುಖವನ್ನು 128 ಪಿಕ್ಸೆಲ್ಲಿನ ಚೌಕದಲ್ಲೇ ತಯಾರಿಸುತ್ತವೆ. ಅಲ್ಲಿ ಟೆಕ್ಸ್ಚರ್ ಎಂಬುದು ಹುಟ್ಟುವುದೇ ಇಲ್ಲ.

ಆದರೆ ಬೇಕಾದ ಟೆಕ್ಸ್ಚರ್ ನಿಮ್ಮ ಕೈಯಲ್ಲೇ ಇದೆ, ಮೂಲ ಫೋಟೊದಲ್ಲಿ. ಅಜ್ಜಿ ಕಣ್ಣು ಮುಚ್ಚಿದ್ದರೂ ಹಣೆ, ಕೆನ್ನೆ, ಮೂಗು, ಗಲ್ಲ ಎಲ್ಲಿದ್ದವೋ ಅಲ್ಲೇ ಇವೆ. ಆದ್ದರಿಂದ ಎಐ ಮುಖದಿಂದ ಬಣ್ಣ ಮತ್ತು ನೆರಳು-ಬೆಳಕನ್ನು ಮಾತ್ರ ಪಡೆದು, ಸಣ್ಣ ವಿವರವನ್ನು ಮೂಲದಿಂದ ಪಡೆಯುವುದು ಇಲ್ಲಿನ ಕೆಲಸ. ಕಣ್ಣಿನ ಸುತ್ತಲಿನ ಸ್ವಲ್ಪ ಜಾಗದಲ್ಲಿ ಮಾತ್ರ ವಿವರವೂ ಎಐಯದೇ ಇರಬೇಕು.

ಕಣ್ಣನ್ನಷ್ಟೇ ಕತ್ತರಿಸಿ ಅಂಟಿಸಿದರೆ ಸಾಲದೇ ಎಂದು ಕೇಳಬಹುದು. ಕೆಲವು ಸಲ ಸಾಕು, ಆಗ ಅಷ್ಟೇ ಮಾಡಿ. ಆದರೆ ಕಣ್ಣು ತೆರೆದಾಗ ಹುಬ್ಬು ತುಸು ಮೇಲೇಳುತ್ತದೆ, ಕೆನ್ನೆಯ ಮೇಲ್ಭಾಗದ ನೆರಳು ಬದಲಾಗುತ್ತದೆ. ಎಐ ಇದನ್ನೆಲ್ಲ ಸೇರಿಸಿಯೇ ಬರೆದಿರುತ್ತದೆ, ಜೊತೆಗೆ ಮೈಬಣ್ಣವನ್ನೂ ಚೂರು ಬದಲಿಸಿರುತ್ತದೆ. ಕಣ್ಣಿನ ಅಂಚಿನಲ್ಲೇ ಕತ್ತರಿಸಿದರೆ ಆ ವ್ಯತ್ಯಾಸವೆಲ್ಲ ಒಂದೇ ಗೆರೆಯಲ್ಲಿ ಬಂದು ನಿಲ್ಲುತ್ತದೆ.

ಎರಡು ಪದರ ಎಂದರೇನು

ಫೋಟೊವನ್ನು ಬ್ಲರ್ ಮಾಡಿದಾಗ ಉಳಿಯುವುದು ತಳದ ಪದರ: ಬಣ್ಣ, ನೆರಳು, ಮುಖದ ಉಬ್ಬುತಗ್ಗು. ಮೂಲದಿಂದ ಆ ಬ್ಲರ್ ಆದದ್ದನ್ನು ಕಳೆದರೆ ಉಳಿಯುವುದು ಟೆಕ್ಸ್ಚರ್ ಪದರ. ಎರಡನ್ನೂ ಕೂಡಿಸಿದರೆ ಮೂಲ ಫೋಟೊ ಹಾಗೇ ವಾಪಸ್ ಬರುತ್ತದೆ. ಫೋಟೊವನ್ನು ಹೀಗೆ ಎರಡು ಪದರಗಳಾಗಿ ಬಿಡಿಸುವುದಕ್ಕೇ ಫ್ರೀಕ್ವೆನ್ಸಿ ಸೆಪರೇಷನ್ ಎನ್ನುತ್ತಾರೆ. ಇದನ್ನು ಎರಡೂ ಮುಖಗಳಿಗೆ ಮಾಡಿ, ಎಐಯ ತಳಕ್ಕೆ ಮೂಲದ ಟೆಕ್ಸ್ಚರ್ ಕೂಡಿಸುತ್ತೇವೆ.

ಇಲ್ಲಿ ಬಹಳ ಜನ ಮಾಡುವ ತಪ್ಪೆಂದರೆ, ಎಐ ಮುಖವನ್ನು ಬ್ಲರ್ ಮಾಡದೆ ಹಾಗೇ ಇಟ್ಟು ಅದರ ಮೇಲೆ ಮೂಲದ ಟೆಕ್ಸ್ಚರ್ ಹಾಕುವುದು. ಎಐ ಕೂಡ ತನ್ನದೇ ಒಂದಿಷ್ಟು ಸುಳ್ಳು ರಂಧ್ರ, ಸುಳ್ಳು ಗೆರೆಗಳನ್ನು ಬರೆದಿರುತ್ತದೆ. ಆಗ ಎರಡು ಟೆಕ್ಸ್ಚರ್ ಒಂದರ ಮೇಲೊಂದು ಬಿದ್ದು ಚರ್ಮ ಒರಟಾಗಿ, ಕೊಳೆಯಾದಂತೆ ಕಾಣುತ್ತದೆ. ಎಐ ಮುಖವನ್ನೂ ಅದೇ ರೇಡಿಯಸ್‌ನಲ್ಲಿ ಬ್ಲರ್ ಮಾಡಲೇಬೇಕು.

ರೇಡಿಯಸ್ ಎಷ್ಟಿರಬೇಕು

ಇಡೀ ಕೆಲಸದ ಗೆಲುವು ಸೋಲು ಇರುವುದು ಈ ಒಂದು ಅಂಕಿಯಲ್ಲಿ. ರಿಟಚಿಂಗ್ ಪಾಠಗಳಲ್ಲಿ "ರಂಧ್ರ ಮಾಯವಾಗುವವರೆಗೆ ಬ್ಲರ್ ಮಾಡಿ" ಎನ್ನುತ್ತಾರೆ. ಒಂದೇ ಫೋಟೊವನ್ನು ಬಿಡಿಸುವಾಗ ಅದು ಸರಿ. ಎರಡು ಮುಖಗಳನ್ನು ಬೆರೆಸುವಾಗ ಅಳೆಯಬೇಕಾದ್ದು ಬೇರೆ. ಎಐ ಮುಖದಲ್ಲಿ ಯಾವ ಗಾತ್ರದವರೆಗಿನ ವಿವರ ಕಾಣೆಯಾಗಿದೆ ಎಂಬುದನ್ನು ಕಂಡುಹಿಡಿದು, ಅಷ್ಟನ್ನು ಮಾತ್ರ ಮೂಲದಿಂದ ತುಂಬಬೇಕು.

ಅಳೆಯುವ ಬಗೆ ಹೀಗೆ. ಮೂಲ ಫೋಟೊ ಮತ್ತು ಎಐ ಫೋಟೊ ಎರಡನ್ನೂ 200%ಗೆ ಹಿಗ್ಗಿಸಿ ಒಂದೇ ಕೆನ್ನೆಯನ್ನು ಅಕ್ಕಪಕ್ಕ ಇಡಿ. ಮೂಲಕ್ಕೆ ಗಾಸಿಯನ್ ಬ್ಲರ್ ಹಾಕುತ್ತ ರೇಡಿಯಸ್ಸನ್ನು 1ರಿಂದ ಅರ್ಧರ್ಧ ಪಿಕ್ಸೆಲ್ ಏರಿಸುತ್ತ ಹೋಗಿ. ಮೂಲದ ಕೆನ್ನೆ ಎಐ ಕೆನ್ನೆಯಷ್ಟೇ ನುಣುಪಾದ ಕ್ಷಣ ನಿಲ್ಲಿಸಿ. ಅದೇ ನಿಮ್ಮ ರೇಡಿಯಸ್. 900 ಪಿಕ್ಸೆಲ್ ಅಗಲದ ಮುಖ 512ರಲ್ಲಿ ತಯಾರಾಗಿದ್ದರೆ ಇದು ಸಾಮಾನ್ಯವಾಗಿ 3ರಿಂದ 5ರ ನಡುವೆ ಬರುತ್ತದೆ. ನಮ್ಮ ಅಜ್ಜಿಯ ಫೋಟೊಗೆ 4 ಎಂದಿಟ್ಟುಕೊಳ್ಳೋಣ. 128ರಲ್ಲಿ ತಯಾರಾದ ಮುಖಕ್ಕೆ 6ರಿಂದ 8ರವರೆಗೂ ಬೇಕಾದೀತು.

ಲೆಕ್ಕ ಬೇಕೆನ್ನುವವರಿಗೆ: ಗಾಸಿಯನ್ ಬ್ಲರ್‌ನಲ್ಲಿ ಸಿಗ್ಮಾದ, ಅಂದರೆ ಇಲ್ಲಿ ರೇಡಿಯಸ್ಸಿನ, 5.3 ಪಟ್ಟು ಅಗಲದ ಅಲೆ ಅರ್ಧಕ್ಕೆ ಇಳಿಯುತ್ತದೆ. ರೇಡಿಯಸ್ 4 ಎಂದರೆ ಸುಮಾರು 21 ಪಿಕ್ಸೆಲ್‌ಗಿಂತ ಸಣ್ಣ ವಿವರ ಹೆಚ್ಚಾಗಿ ಟೆಕ್ಸ್ಚರ್ ಪದರಕ್ಕೆ, ಅದಕ್ಕಿಂತ ದೊಡ್ಡದು ತಳಕ್ಕೆ ಹೋಗುತ್ತದೆ. ಮುಖದ ಅಗಲ 14 ಸೆಂ.ಮೀ. ಎಂದು ಹಿಡಿದರೆ 900 ಪಿಕ್ಸೆಲ್ ಮುಖದಲ್ಲಿ ಒಂದು ಮಿಲಿಮೀಟರಿಗೆ ಆರು ಪಿಕ್ಸೆಲ್‌ಗಿಂತ ಸ್ವಲ್ಪ ಹೆಚ್ಚು. ಅಂದರೆ ಸುಮಾರು 3 ಮಿ.ಮೀ.ಗಿಂತ ಸಣ್ಣದು, ಎಂದರೆ ರಂಧ್ರಗಳು, ರೋಮ, ಸಣ್ಣ ನಿರಿಗೆಗಳು ಮೂಲದಿಂದ ಬರುತ್ತವೆ. ಮೂಗಿನ ಬದಿಯಿಂದ ಬಾಯಿಯ ತುದಿಗೆ ಇಳಿಯುವ ಆಳದ ಮಡಿಕೆಯ ನೆರಳು ಎಐಯಿಂದ ಬರುತ್ತದೆ.

ರೇಡಿಯಸ್ ಕಡಿಮೆಯಾದರೆ ನಡುವಿನ ಗಾತ್ರದ ವಿವರ ಎರಡರಿಂದಲೂ ಬರುವುದಿಲ್ಲ. ರಂಧ್ರಗಳು ಇರುತ್ತವೆ, ಆದರೆ ಚರ್ಮದ ಸಹಜ ಬಣ್ಣದ ಏರುಪೇರು ಇರುವುದಿಲ್ಲ. ಪ್ಲಾಸ್ಟಿಕ್ ಮೇಲೆ ಗ್ರೇನ್ ಚಿಮುಕಿಸಿದಂತೆ ಕಂಡರೆ ಅದೇ ರೋಗ ಎಂದು ತಿಳಿಯಿರಿ. ಹೆಚ್ಚಾದರೆ ಮುಚ್ಚಿದ ಕಣ್ಣಿನ ಗುರುತುಗಳು ಟೆಕ್ಸ್ಚರ್ ಪದರಕ್ಕೆ ದಂಡಿಯಾಗಿ ಬಂದು, ತೆರೆದ ಕಣ್ಣಿನ ಸುತ್ತ ಎರಡನೇ ಕಣ್ಣಿನ ನೆರಳು ಕಾಣುತ್ತದೆ. ಅನುಮಾನ ಬಂದಾಗ ಸಣ್ಣ ರೇಡಿಯಸ್ ಕಡೆಗೇ ಇರಿ. ಇದರ ಕಾರಣ ಕಣ್ಣಿನ ಮಾಸ್ಕ್ ಹಾಕುವಾಗ ಗೊತ್ತಾಗುತ್ತದೆ.

ಬಿಡಿಸುವ ಮೊದಲು

ಫೈಲನ್ನು 16-ಬಿಟ್‌ಗೆ ಬದಲಿಸಿ. ಎರಡೂ ಫೋಟೊ ಒಂದೇ ಅಳತೆಯಲ್ಲಿ, ಒಂದರ ಮೇಲೊಂದು ಇರಲಿ. ಮೇಲಿನದ್ದನ್ನು `Difference` ಮೋಡ್‌ಗೆ ಹಾಕಿ ನೋಡಿ: ಮುಖದ ಹೊರಗೆ ಪೂರ್ತಿ ಕಪ್ಪು ಇರಬೇಕು, ಮುಖದೊಳಗೆ ಮೂಗಿನ ಹೊಳ್ಳೆ, ಮಚ್ಚೆ, ತುಟಿಯ ಅಂಚುಗಳು ಜೋಡಿ ಗೆರೆಯಾಗಿ ಕಾಣಬಾರದು. ಜೋಡಿ ಗೆರೆ ಇಡೀ ಮುಖದಲ್ಲಿ ಒಂದೇ ದಿಕ್ಕಿಗಿದ್ದರೆ ಎಐ ಲೇಯರ್ ಒಂದೆರಡು ಪಿಕ್ಸೆಲ್ ಸರಿದಿದೆ, ತಳ್ಳಿ ಸರಿಮಾಡಿ. ಕೆಲವು ಕಡೆ ಮಾತ್ರ ಇದ್ದರೆ ಎಐ ಮುಖದ ಆಕಾರವನ್ನೇ ಬದಲಿಸಿದೆ. ಮೂಲವನ್ನು ಎಐ ಎಷ್ಟು ಬದಲಿಸಬಹುದೆಂದು ಹೇಳುವ ಡಿನಾಯ್ಸಿಂಗ್ ಸ್ಟ್ರೆಂತ್ ಹೆಚ್ಚಾಗಿದ್ದಾಗ ಹೀಗಾಗುತ್ತದೆ. ಅದನ್ನು 0.4ರ ಆಸುಪಾಸಿಗೆ ಇಳಿಸಿ, ಕಣ್ಣು ತೆರೆಯುವಷ್ಟಕ್ಕೆ ಮಾತ್ರ ಮತ್ತೆ ಏರಿಸಿ ಹೊಸದಾಗಿ ತಯಾರಿಸುವುದು ವಾರ್ಪ್ ಮಾಡುತ್ತ ಕೂರುವುದಕ್ಕಿಂತ ಲೇಸು.

ಆಮೇಲೆ ಎಐ ಲೇಯರ್‌ನ ಬಣ್ಣವನ್ನು `Curves`ನಿಂದ ಮೂಲಕ್ಕೆ ಹೊಂದಿಸಿ ಅದಕ್ಕೇ ಸೇರಿಸಿಬಿಡಿ. ಹಣೆ ಮತ್ತು ಎರಡೂ ಕೆನ್ನೆಗಳಲ್ಲಿ ಅಳತೆ ತೆಗೆದು ನೋಡಿದರೆ ಸಾಕು. ಇದನ್ನು ಮುಂದೂಡಬೇಡಿ. ಚರ್ಮದ ರಂಧ್ರ ಎಂದರೆ ಒಂದು ಪುಟ್ಟ ನೆರಳು. ಬೆಳಕು ಹೆಚ್ಚಿದ್ದಲ್ಲಿ ಆ ನೆರಳಿನ ಗಾಢತೆಯೂ ಹೆಚ್ಚು, ಕತ್ತಲಲ್ಲಿ ಕಡಿಮೆ. ಎಐ ನೆರಳಿನ ಕೆನ್ನೆಯನ್ನು ಬೆಳ್ಳಗೆ ಮಾಡಿದ್ದರೆ, ಕತ್ತಲ ಕೆನ್ನೆಯಿಂದ ಬಂದ ಟೆಕ್ಸ್ಚರ್ ಅಲ್ಲಿ ಸಪ್ಪೆಯಾಗುತ್ತದೆ.

ಫೋಟೊಶಾಪ್‌ನಲ್ಲಿ

ಮೂಲ ಲೇಯರಿನ ಎರಡು ಪ್ರತಿ ಮಾಡಿ, "ಮೂಲ-ತಳ", "ಮೂಲ-ಟೆಕ್ಸ್ಚರ್" ಎಂದು ಹೆಸರಿಡಿ. ಮೂಲ-ತಳಕ್ಕೆ `Gaussian Blur` 4 ಹಾಕಿ. ಮೂಲ-ಟೆಕ್ಸ್ಚರ್ ಲೇಯರನ್ನು ಆಯ್ದು `Image > Apply Image` ತೆರೆಯಿರಿ. `Layer` ಎಂಬಲ್ಲಿ ಮೂಲ-ತಳವನ್ನು ಆರಿಸಿ, ಹೀಗೆ ತುಂಬಿ:

```
16-bit:  Blending: Add       Invert: ✓   Scale: 2   Offset: 0
8-bit:   Blending: Subtract  Invert: –   Scale: 2   Offset: 128
```

ಲೇಯರ್ ಬೂದು ಬಣ್ಣಕ್ಕೆ ತಿರುಗಿ, ಅದರಲ್ಲಿ ರಂಧ್ರ, ರೋಮ, ರೆಪ್ಪೆಗಳು ಕೆತ್ತಿದಂತೆ ಕಾಣುತ್ತವೆ. ಇದೇ ಎರಡು ಹೆಜ್ಜೆಯನ್ನು ಎಐ ಲೇಯರಿಗೂ ಅದೇ ರೇಡಿಯಸ್ 4ರಲ್ಲಿ ಮಾಡಿ, "ಎಐ-ತಳ", "ಎಐ-ಟೆಕ್ಸ್ಚರ್" ಪಡೆಯಿರಿ.

ಈಗ ಜೋಡಣೆ. ಕೆಳಗಿನಿಂದ ಮೇಲಕ್ಕೆ: ಮೊದಲು ಮೂಲ-ತಳ, ಅದರ ಮೇಲೆ ಎಐ-ತಳ ಮತ್ತು ಅದಕ್ಕೊಂದು ಮುಖದ ಮಾಸ್ಕ್. ಎರಡು ಟೆಕ್ಸ್ಚರ್ ಲೇಯರ್‌ಗಳನ್ನು ಒಂದು ಗ್ರೂಪಿಗೆ ಹಾಕಿ ಎಲ್ಲಕ್ಕಿಂತ ಮೇಲಿಡಿ. ಗ್ರೂಪಿನೊಳಗೆ ಕೆಳಗೆ ಮೂಲ-ಟೆಕ್ಸ್ಚರ್, ಮೇಲೆ ಎಐ-ಟೆಕ್ಸ್ಚರ್, ಎರಡೂ `Normal` ಮೋಡ್‌ನಲ್ಲೇ ಇರಲಿ. ಎಐ-ಟೆಕ್ಸ್ಚರಿಗೆ ಕಣ್ಣಿನ ಮಾಸ್ಕ್ ಹಾಕಿ. ಗ್ರೂಪಿನ ಮೋಡ್ ಮಾತ್ರ `Linear Light`.

ಗ್ರೂಪಿಗೇ `Linear Light` ಕೊಡುವುದಕ್ಕೆ ಕಾರಣವಿದೆ. ಎರಡು ಟೆಕ್ಸ್ಚರ್ ಲೇಯರ್‌ಗಳಿಗೂ ಬೇರೆಬೇರೆಯಾಗಿ ಕೊಟ್ಟರೆ ಕಣ್ಣಿನ ಬಳಿ ಅವು ಒಂದಕ್ಕೊಂದು ಕೂಡಿಬಿಡುತ್ತವೆ, ಮುಚ್ಚಿದ ರೆಪ್ಪೆ ತೆರೆದ ಕಣ್ಣಿನ ಮೇಲೆ ಬರುತ್ತದೆ. ಗ್ರೂಪಿನೊಳಗೆ `Normal` ಇದ್ದರೆ ಒಂದು ಇನ್ನೊಂದನ್ನು ಮುಚ್ಚುತ್ತದೆ, ಬೇಕಾದದ್ದು ಅದೇ. ಹಾಗೆಯೇ ತಳದಲ್ಲಿ ಬ್ಲರ್ ಆಗದ ಮೂಲ ಫೋಟೊ ಇಟ್ಟರೆ ಮಾಸ್ಕಿನ ಹೊರಗೆಲ್ಲ ಟೆಕ್ಸ್ಚರ್ ಎರಡು ಪಟ್ಟಾಗುತ್ತದೆ.

ಪರೀಕ್ಷೆ: ಎಐ-ತಳ ಮತ್ತು ಎಐ-ಟೆಕ್ಸ್ಚರ್ ಎರಡನ್ನೂ ಆಫ್ ಮಾಡಿ. ಆಗ ಕಾಣುವುದು ಮೂಲ ಫೋಟೊದಂತೆಯೇ ಇರಬೇಕು. ವ್ಯತ್ಯಾಸ ಕಣ್ಣಿಗೆ ಕಂಡರೆ `Apply Image`ನಲ್ಲಿ ತಪ್ಪು ಲೇಯರ್ ಆರಿಸಿದ್ದೀರಿ, ಇಲ್ಲವೇ 16-ಬಿಟ್ ಫೈಲಿಗೆ 8-ಬಿಟ್ ಅಂಕಿ ತುಂಬಿದ್ದೀರಿ.

ಜಿಂಪ್ ಬಳಸುವವರು `Image > Precision`ನಲ್ಲಿ 32-ಬಿಟ್ ಫ್ಲೋಟ್ ಆರಿಸಿ, ಬ್ಲರ್ ಆದ ಪ್ರತಿಯನ್ನು ಮೂಲದ ಮೇಲಿಟ್ಟು ಮೋಡ್ `Grain extract` ಮಾಡಿ, `New from Visible`ನಿಂದ ಟೆಕ್ಸ್ಚರ್ ಪಡೆಯಬಹುದು. ಗ್ರೂಪಿನ ಮೋಡ್ ಅಲ್ಲಿ `Grain merge`. ಉಳಿದದ್ದೆಲ್ಲ ಇದೇ ಕ್ರಮ.

ಎರಡು ಮಾಸ್ಕ್, ಎರಡು ಬಗೆಯ ಅಂಚು

ಒಂದೇ ಮಾಸ್ಕಿನಲ್ಲಿ ತಳವನ್ನೂ ಟೆಕ್ಸ್ಚರನ್ನೂ ಬೆರೆಸುವವರಿಗೆ ಅಂಚು ಎಂದೂ ಸರಿಬರುವುದಿಲ್ಲ. ಬಣ್ಣದ ವ್ಯತ್ಯಾಸ ಕಾಣದಂತೆ ಅಂಚನ್ನು ಅಗಲ ಮಾಡಿದರೆ ಆ ಪಟ್ಟಿಯಲ್ಲಿ ಎರಡು ಟೆಕ್ಸ್ಚರ್ ಅರ್ಧರ್ಧ ಬೆರೆತು ಮಸುಕಾಗುತ್ತದೆ. ಟೆಕ್ಸ್ಚರ್ ಚೂಪಾಗಿರಲೆಂದು ಅಂಚನ್ನು ಕಿರಿದು ಮಾಡಿದರೆ ಬಣ್ಣದ ಗೆರೆ ಕಾಣುತ್ತದೆ. ವಿವರದ ಗಾತ್ರಕ್ಕೆ ತಕ್ಕಂತೆ ಬೆರಕೆಯ ಅಗಲ ಇರಬೇಕೆಂಬುದನ್ನು ಪೀಟರ್ ಬರ್ಟ್ ಮತ್ತು ಎಡ್ವರ್ಡ್ ಅಡೆಲ್ಸನ್ 1983ರಲ್ಲೇ ತೋರಿಸಿದ್ದರು. ಪನೋರಮಾ ಹೊಲಿಯುವ ಸಾಫ್ಟ್‌ವೇರ್‌ಗಳು ಇಂದಿಗೂ ಆ ತತ್ವವನ್ನು ಬಳಸುತ್ತವೆ. ನಮ್ಮ ಎರಡು ಪದರ ಅದರ ಸರಳ ರೂಪ.

ಮುಖದ ಮಾಸ್ಕ್ ತಳಕ್ಕೆ. ಇದರ ಅಂಚು 40 ಪಿಕ್ಸೆಲ್‌ನಷ್ಟು ಮೃದುವಾಗಿರಲಿ. ಆ ಮೃದು ಅಂಚೂ ಸೇರಿ ಇಡೀ ಮಾಸ್ಕ್ ಕೂದಲಿನ ಗೆರೆ, ದವಡೆ, ಕಿವಿಗಳಿಂದ ಒಳಗೇ ಉಳಿಯಬೇಕು. ಬ್ಲರ್ ಮಾಡಿದಾಗ ಕೂದಲಿನ ಕಪ್ಪು ಹಣೆಯ ಅಂಚಿಗೆ ಸ್ವಲ್ಪ ಹರಡಿರುತ್ತದೆ. ಎಐ ಬರೆದ ಕೂದಲು ಮೂಲದ ಜಾಗದಲ್ಲೇ ಇರುವುದಿಲ್ಲವಾದ್ದರಿಂದ ಮಾಸ್ಕ್ ಅಲ್ಲಿಗೆ ತಲುಪಿದರೆ ಹಣೆಯ ಮೇಲೆ ಬೂದು ಹೊಗೆಯಂಥ ಪಟ್ಟಿ ಮೂಡುತ್ತದೆ. ಬಾಯಿ ಬದಲಾಗಬೇಕಿಲ್ಲ ಎಂದಾದರೆ ತುಟಿಗಳನ್ನೂ ಮಾಸ್ಕಿನಿಂದ ಹೊರಗಿಡಿ.

ಅಜ್ಜಿಯ ಹಣೆಯ ಕುಂಕುಮ ಮತ್ತು ಮೂಗುಬೊಟ್ಟನ್ನು ತಪ್ಪದೆ ಹೊರಗಿಡಿ. ಕುಂಕುಮದ ಕೆಂಪು ತಳದಲ್ಲಿದೆ, ಅದರ ಅಂಚು ಟೆಕ್ಸ್ಚರಿನಲ್ಲಿದೆ. ಎಐ ಅದನ್ನು ಮೂರು ಪಿಕ್ಸೆಲ್ ಸರಿಸಿ ಬರೆದಿದ್ದರೆ, ಕುಂಕುಮದ ಒಂದು ಬದಿಗೆ ಬಿಳಿ, ಇನ್ನೊಂದು ಬದಿಗೆ ಕಪ್ಪು ಬಿದಿಗೆ ಚಂದ್ರನಂಥ ಗೆರೆ ಬರುತ್ತದೆ. ಮೂಗುಬೊಟ್ಟಿನ ಹೊಳಪಿಗೂ ಇದೇ ಗತಿ. ಅವುಗಳ ಸುತ್ತ ರೇಡಿಯಸ್ಸಿನ ಮೂರು ಪಟ್ಟು, ಅಂದರೆ 12 ಪಿಕ್ಸೆಲ್ ಬಿಟ್ಟು ಮಾಸ್ಕ್ ಅಳಿಸಿದರೆ ತಳವೂ ಟೆಕ್ಸ್ಚರೂ ಮೂಲದಿಂದಲೇ ಬಂದು ತೊಂದರೆ ತಪ್ಪುತ್ತದೆ. ಕನ್ನಡಕ ಇದ್ದರೂ ಹೀಗೆಯೇ.

ಇನ್ನು ಕಣ್ಣಿನ ಮಾಸ್ಕ್. ನಿಜವಾದ ಸೂಕ್ಷ್ಮ ಇರುವುದು ಇಲ್ಲೇ. ತೆರೆದ ಕಣ್ಣು ಎಲ್ಲಿದೆಯೋ ಅಷ್ಟನ್ನೇ ಬಳಿದರೆ ಸಾಲದು. ಮೂಲದಲ್ಲಿ ಮುಚ್ಚಿದ ರೆಪ್ಪೆಗೂದಲಿನ ಗೆರೆ ತೆರೆದ ಕಣ್ಣಿನ ಕೆಳ ಅಂಚಿಗಿಂತಲೂ ಕೆಳಗೆ ಇರಬಹುದು, ಅದೂ ಮಾಸ್ಕಿನೊಳಗೆ ಬರಬೇಕು. ಮೇಲಾಗಿ, ಬ್ಲರ್ ಆದ ಎಐ-ತಳದಲ್ಲಿ ತೆರೆದ ಕಣ್ಣಿನ ಕಪ್ಪು ಸುತ್ತಲೂ ಹರಡಿದೆ, ಮೂಲ-ಟೆಕ್ಸ್ಚರಿನಲ್ಲಿ ಮುಚ್ಚಿದ ರೆಪ್ಪೆಯ ಸುತ್ತ ಬೆಳ್ಳನೆಯ ಹಾಲೋ ಹರಡಿದೆ. ಈ ಹರಡುವಿಕೆ ರೇಡಿಯಸ್ಸಿನ ಎರಡು-ಮೂರು ಪಟ್ಟು ದೂರ ಹೋಗುತ್ತದೆ. ಆದ್ದರಿಂದ ಎರಡೂ ಕಣ್ಣುಗಳನ್ನು, ತೆರೆದದ್ದನ್ನೂ ಮುಚ್ಚಿದ್ದನ್ನೂ, ಸೇರಿಸಿ ಅವುಗಳ ಹೊರಗೆ 8ರಿಂದ 12 ಪಿಕ್ಸೆಲ್ ಹೆಚ್ಚಿಗೆ ಬಳಿಯಬೇಕು. ರೇಡಿಯಸ್ 8 ಆಗಿದ್ದರೆ ಇದೇ ಅಂತರ 24 ಪಿಕ್ಸೆಲ್ ಆಗಿ, ಕಣ್ಣಿನ ಸುತ್ತಲಿನ ಅಸಲಿ ಚರ್ಮವನ್ನೆಲ್ಲ ಎಐಗೆ ಬಿಟ್ಟುಕೊಟ್ಟಂತಾಗುತ್ತಿತ್ತು. ಸಣ್ಣ ರೇಡಿಯಸ್ ಲೇಸು ಎಂದದ್ದು ಇದಕ್ಕೇ.

ಈ ಮಾಸ್ಕಿನ ಅಂಚು 3–4 ಪಿಕ್ಸೆಲ್ ಮೃದುವಾಗಿದ್ದರೆ ಸಾಕು. ಅಂಚನ್ನು ಮೇಲೆ ರೆಪ್ಪೆಯ ಮಡಿಕೆಯ ಗುಂಟ, ಕೆಳಗೆ ಕಣ್ಣಿನಡಿಯ ಚೀಲದ ಗೆರೆಯ ಗುಂಟ ಸಾಗಿಸಿ. ಅಲ್ಲಿ ಚರ್ಮದ ಸ್ವಭಾವ ತಾನಾಗಿಯೇ ಬದಲಾಗುವುದರಿಂದ ಕೂಡಿಸಿದ್ದು ಗೊತ್ತಾಗುವುದಿಲ್ಲ. ಇಡೀ ಕಣ್ಣಿನ ಮಾಸ್ಕ್ ಮುಖದ ಮಾಸ್ಕಿನ ಪೂರ್ತಿ ಬಿಳಿ ಭಾಗದೊಳಗೆ ಇರಬೇಕು. ಹೊರಗೆ ಚಾಚಿದಲ್ಲಿ ಮೂಲದ ತಳದ ಮೇಲೆ ಎಐಯ ಟೆಕ್ಸ್ಚರ್ ಬಿದ್ದು ಹೊಂದದೆ ಹೋಗುತ್ತದೆ.

ಕಣ್ಣಂಚಿನಿಂದ ಕಿವಿಯ ಕಡೆ ಹರಡುವ ನಿರಿಗೆಗಳನ್ನು ಏನು ಮಾಡಬೇಕು? ಕಣ್ಣು ಮುಚ್ಚಿ ನಕ್ಕಾಗ ಅವು ಹೆಚ್ಚು ಆಳವಾಗಿರುತ್ತವೆ. ಅವನ್ನು ಮೂಲದಿಂದಲೇ ಉಳಿಸಿಕೊಳ್ಳುವುದು ಸರಿ. ಕಣ್ಣು ತೆರೆದು ನಗುವ ಅಜ್ಜಿಯ ಮುಖದಲ್ಲೂ ಅವು ಇದ್ದೇ ಇರುತ್ತವೆ. ತೀರಾ ಆಳ ಎನಿಸಿದರೆ ಗ್ರೂಪಿನೊಳಗೆ ಎಲ್ಲಕ್ಕಿಂತ ಮೇಲೆ ಹೊಸ ಲೇಯರ್ ಹಾಕಿ, 50% ಬೂದು ಬಣ್ಣವನ್ನು ಬ್ರಷ್‌ನ ಒಪಾಸಿಟಿ 20–30%ರಲ್ಲಿ ನಿರಿಗೆಯ ಮೇಲೆ ಒಮ್ಮೆ ಎಳೆಯಿರಿ. `Linear Light`ನಲ್ಲಿ ಆ ಬೂದು ಎಂದರೆ ಸೊನ್ನೆ, ಹಾಗಾಗಿ ನಿರಿಗೆ ಅಷ್ಟು ಪಾಲು ಮಾತ್ರ ತಿಳಿಯಾಗುತ್ತದೆ. ಎರಡು ಸಲ ಎಳೆಯುವ ಮೊದಲು ಇಡೀ ಮುಖವನ್ನು ನೋಡಿ. ನಿರಿಗೆ ಅಳಿಸುವುದಕ್ಕಲ್ಲ ನಾವು ಹೊರಟದ್ದು.

ಕಣ್ಣಿನ ಬಳಿ ಗ್ರೇನ್ ತುಂಬುವುದು

ಮೂಲದ ಟೆಕ್ಸ್ಚರ್ ಜೊತೆ ಐಎಸ್‌ಒ 1600ರ ಗ್ರೇನ್ ಕೂಡ ತಾನಾಗಿಯೇ ಮುಖಕ್ಕೆ ವಾಪಸ್ ಬಂದಿರುತ್ತದೆ. ಕಣ್ಣಿನ ಮಾಸ್ಕಿನೊಳಗೆ ಮಾತ್ರ ಇಲ್ಲ. ಪ್ರಿಂಟ್ ಹಾಕಿಸಿದಾಗ ಎರಡು ಕಣ್ಣೂ ತೊಳೆದಿಟ್ಟಂತೆ ಎದ್ದು ಕಾಣಲು ಇದೇ ಕಾರಣ.

`Add Noise` ಫಿಲ್ಟರ್ ಇದಕ್ಕೆ ಅಷ್ಟಾಗಿ ಹೊಂದುವುದಿಲ್ಲ. ಕ್ಯಾಮೆರಾದ ಗ್ರೇನ್ ಪಿಕ್ಸೆಲ್‌ನಿಂದ ಪಿಕ್ಸೆಲ್‌ಗೆ ಬೇರೆಬೇರೆಯಾಗಿ ಉದುರಿದ ಪುಡಿಯಲ್ಲ, ಅಕ್ಕಪಕ್ಕದವು ಒಂದಕ್ಕೊಂದು ಅಂಟಿಕೊಂಡು ಸಣ್ಣ ಮುದ್ದೆಗಳಾಗಿರುತ್ತವೆ. ಅದೇ ಫೋಟೊದಲ್ಲಿ ಫೋಕಸ್ ಇಲ್ಲದ ಗೋಡೆಯೋ ಪರದೆಯೋ ಇದ್ದೇ ಇರುತ್ತದೆ. ಚರ್ಮದಷ್ಟೇ ಬೆಳಕಿರುವ ಅಂಥ ಜಾಗವನ್ನು ಮೂಲ-ಟೆಕ್ಸ್ಚರ್ ಲೇಯರಿನಿಂದ, ಕಣ್ಣಿನ ಮಾಸ್ಕಿಗಿಂತ ತುಸು ದೊಡ್ಡದಾಗಿ ಕಾಪಿ ಮಾಡಿ. ಗ್ರೂಪಿನ ಹೊರಗೆ, ಅದರ ಮೇಲೆ, `Linear Light`ನಲ್ಲಿ ಇಟ್ಟು ಕಣ್ಣಿನ ಮಾಸ್ಕನ್ನೇ ಅದಕ್ಕೂ ಕೊಡಿ. ಆ ಜಾಗದಲ್ಲಿ ಚರ್ಮದ ವಿವರ ಇಲ್ಲದ್ದರಿಂದ ಸಿಗುವುದು ಬರೀ ಗ್ರೇನ್, ಅದೂ ಅದೇ ಕ್ಯಾಮೆರಾದ್ದು. ಹೆಚ್ಚೆನಿಸಿದರೆ ಒಪಾಸಿಟಿ ಇಳಿಸಿ.

ಕೋಡ್‌ನಲ್ಲಿ ಮಾಡುವುದಾದರೆ

ಹಲವು ಫೋಟೊ ಇದ್ದಾಗ ಪೈಥಾನ್‌ನಲ್ಲಿ ಇದು ಹತ್ತು-ಹನ್ನೆರಡು ಸಾಲಿನ ಕೆಲಸ. ಇಲ್ಲೊಂದು ಅನುಕೂಲವೂ ಇದೆ: ತಳ ಎಷ್ಟು ಬೆಳ್ಳಗಾಗಿದೆಯೋ ಅದಕ್ಕೆ ತಕ್ಕಂತೆ ಟೆಕ್ಸ್ಚರಿನ ಗಾಢತೆಯನ್ನೂ ಏರಿಸಿ ಇಳಿಸಬಹುದು.

```python
import cv2, numpy as np
f = lambda p: cv2.imread(p).astype(np.float32) / 255
orig, gen = f("orig.png"), f("gen.png")
face, eye = f("face_mask.png"), f("eye_mask.png")
s = 4
lo = cv2.GaussianBlur(orig, (0, 0), s)
lg = cv2.GaussianBlur(gen, (0, 0), s)
gain = np.clip(lg / (lo + 0.01), 0.7, 1.4)
high = (orig - lo) * (1 + face * (gain - 1))
high = high * (1 - eye) + (gen - lg) * eye
out = lo * (1 - face) + lg * face + high
cv2.imwrite("out.png", (np.clip(out, 0, 1) * 255).round().astype(np.uint8))
```

`gain` ಇರುವ ಸಾಲೇ ಆ ಏರಿಳಿತ. ಅದಕ್ಕೆ 0.7 ಮತ್ತು 1.4ರ ಮಿತಿ ಹಾಕಿರುವುದು ಕತ್ತಲ ಭಾಗದಲ್ಲಿ ಗ್ರೇನ್ ವಿಪರೀತ ಉಬ್ಬದಿರಲೆಂದು. ಮಾಸ್ಕ್ ಫೈಲ್‌ಗಳ ಅಂಚನ್ನು ಮೊದಲೇ ಮೃದು ಮಾಡಿ ಉಳಿಸಿರಬೇಕು.

ಪರೀಕ್ಷಿಸುವುದು

ಟೆಕ್ಸ್ಚರ್ ಗ್ರೂಪನ್ನು ಒಂದು ಕ್ಷಣ `Normal` ಮೋಡ್‌ಗೆ ಬದಲಿಸಿ. ಬಣ್ಣವಿಲ್ಲದ ಬೂದು ಚಿತ್ರದಲ್ಲಿ ಕಣ್ಣಿನ ಮಾಸ್ಕಿನ ಅಂಚು ಎಲ್ಲಾದರೂ ಗೆರೆಯಾಗಿದ್ದರೆ, ಮಾಮೂಲಿ ನೋಟದಲ್ಲಿ ಕಾಣದ್ದೂ ಇಲ್ಲಿ ತಟ್ಟನೆ ಸಿಗುತ್ತದೆ. ಆಮೇಲೆ ಬಣ್ಣದ ಫೋಟೊದಲ್ಲಿ ನೀಲಿ ಚಾನೆಲ್ ಒಂದನ್ನೇ ತೆರೆದು ನೋಡಿ. ಚರ್ಮದ ಕಲೆ, ರಂಧ್ರ, ಗ್ರೇನ್ ಅಲ್ಲಿ ಹೆಚ್ಚು ಗಾಢವಾಗಿರುತ್ತವೆ, ನುಣುಪಾದ ತೇಪೆ ಉಳಿದಿದ್ದರೆ ಅಡಗಿಕೊಳ್ಳಲಾರದು. ಕೊನೆಗೆ ಪಕ್ಕದಲ್ಲಿರುವ ಮಗಳ ಕೆನ್ನೆಯನ್ನೂ ಅಜ್ಜಿಯ ಕೆನ್ನೆಯನ್ನೂ 100%ರಲ್ಲಿ ಒಟ್ಟಿಗೆ ನೋಡಿ, ಮತ್ತೆ 25%ಗೆ ಕುಗ್ಗಿಸಿ ನೋಡಿ. 100%ರಲ್ಲಿ ಟೆಕ್ಸ್ಚರಿನ ದೋಷ, 25%ರಲ್ಲಿ ತಳದ ಬಣ್ಣದ ದೋಷ ಕಾಣುತ್ತದೆ. ಶಾರ್ಪನ್ ಮಾಡುವುದಿದ್ದರೆ ಎಲ್ಲ ಮುಗಿದ ಮೇಲೆ ಇಡೀ ಫೋಟೊಗೆ ಒಂದೇ ಸಲ ಮಾಡಿ. ಮೊದಲೇ ಮಾಡಿದರೆ ಹಾಲೋಗಳೂ ಟೆಕ್ಸ್ಚರ್ ಪದರಕ್ಕೆ ಸೇರಿಬಿಡುತ್ತವೆ.

ಎಲ್ಲಿ ಇದು ನಡೆಯುವುದಿಲ್ಲ

ಮೂಲದಲ್ಲಿ ಟೆಕ್ಸ್ಚರ್ ಇದ್ದರೆ ಮಾತ್ರ ಉಳಿಸಬಹುದು. ವಾಟ್ಸಾಪ್‌ನಲ್ಲಿ ಬಂದ ಪ್ರತಿಯಲ್ಲಿ ರಂಧ್ರಗಳ ಬದಲು ಜೆಪೆಗ್‌ನ 8×8 ಚೌಕಗಳಿರುತ್ತವೆ, ಬಿಡಿಸಿದಾಗ ಟೆಕ್ಸ್ಚರ್ ಪದರದಲ್ಲಿ ಚದುರಂಗದ ಮನೆಗಳಂತೆ ಅವೇ ಮೇಲೇಳುತ್ತವೆ. ಫೋಟೊ ತೆಗೆದವರಿಂದ ಕ್ಯಾಮೆರಾದ ಫೈಲನ್ನೇ ಕೇಳಿ ತರಿಸಿಕೊಳ್ಳಿ.

ಒಂದು ಕೆನ್ನೆಗೆ ಹೂವಿನ ಹಾರ ಅಡ್ಡ ಬಂದಿದ್ದರೆ ಇನ್ನೊಂದು ಕೆನ್ನೆಯ ಟೆಕ್ಸ್ಚರನ್ನು ಕನ್ನಡಿಯಂತೆ ತಿರುಗಿಸಿ ಹಾಕುವ ಆಸೆಯಾಗುತ್ತದೆ. ಹಾಗೆ ಮಾಡಬೇಡಿ. ಬೆಳಕು ಎಡದಿಂದ ಬರುತ್ತಿದ್ದರೆ ಪ್ರತಿ ರಂಧ್ರದ ನೆರಳು ಅದರ ಎಡ ಅಂಚಿನಲ್ಲಿರುತ್ತದೆ. ತಿರುಗಿಸಿದ ಕೂಡಲೇ ನೆರಳು ಬಲಕ್ಕೆ ಹೋಗಿ, ತಗ್ಗುಗಳೆಲ್ಲ ಉಬ್ಬಿದ ಗುಳ್ಳೆಗಳಂತೆ ಕಾಣುತ್ತವೆ. ಅದೇ ಕೆನ್ನೆಯ ಉಳಿದ ಭಾಗದಿಂದ, ತಿರುಗಿಸದೆ, ಟೆಕ್ಸ್ಚರ್ ಲೇಯರಿನಲ್ಲೇ ಕ್ಲೋನ್ ಮಾಡಿ. ಎಐ ಬೆಳಕಿನ ದಿಕ್ಕನ್ನೇ ಬದಲಿಸಿಬಿಟ್ಟಿದ್ದರೂ ಇದೇ ಗುಳ್ಳೆಗಳು ಬರುತ್ತವೆ. ಅದಕ್ಕೆ ಮಾಸ್ಕಿನಲ್ಲಿ ಮದ್ದಿಲ್ಲ, ಮುಖವನ್ನು ಮತ್ತೆ ತಯಾರಿಸಬೇಕು.

ಮುಖದ ಕೋನ ಬದಲಾದರೂ ಅಷ್ಟೇ. ಅಜ್ಜಿ ಮೂಲದಲ್ಲಿ ತಲೆ ಬಗ್ಗಿಸಿದ್ದು, ಎಐ ಅವರು ನೇರವಾಗಿ ನೋಡುವಂತೆ ಬರೆದಿದ್ದರೆ ಹೊಳ್ಳೆ, ಮಡಿಕೆ, ತುಟಿ ಯಾವುದೂ ತಮ್ಮ ಜಾಗದಲ್ಲಿರುವುದಿಲ್ಲ. ಆಗ ಮೂಲ-ಟೆಕ್ಸ್ಚರನ್ನು ಹಣೆ ಮತ್ತು ಕೆನ್ನೆಯ ಬಯಲು ಭಾಗದಲ್ಲಷ್ಟೇ ಉಳಿಸಿ, ಎಐ-ಟೆಕ್ಸ್ಚರಿನ ಮಾಸ್ಕನ್ನು ಮೂಗು, ಬಾಯಿ, ಕಣ್ಣು ಮೂರಕ್ಕೂ ಹಿಗ್ಗಿಸಿ, ಆ ಮೂರೂ ಕಡೆ ಗೋಡೆಯ ಗ್ರೇನ್ ತುಂಬಬೇಕಾಗುತ್ತದೆ.